ಎರಡು ಸಿಲಿಂಡರ್, ಒಂದು ನಂಬರ್

ಮನೆ ಪಾಲಾದ ಮೇಲಿನ ಹದಿನಾಲ್ಕು ತಿಂಗಳಲ್ಲಿ ನಮ್ಮ ಕಡೆ ಒಂಬತ್ತು ಸಿಲಿಂಡರ್ ಖಾಲಿಯಾದವು, ಕಾಕಾನ ಕಡೆ ಏಳು. ಹೊಡೆದಾಟ ಹನ್ನೊಂದು. ಇದರಲ್ಲಿ ಬರೀ ಬೈದಾಟ ಸೇರಿಲ್ಲ. ಕೈ ಎತ್ತಿದ್ದನ್ನು ಮಾತ್ರ ಎಣಿಸಿದ್ದೇನೆ. ನಾನು ಬೀಜದ ಕಂಪನಿಯೊಂದರ ಆಫೀಸಿನಲ್ಲಿ ಲಾಟ್ ನಂಬರುಗಳನ್ನು ಕಂಪ್ಯೂಟರಿಗೆ ಹತ್ತಿಸುವ ಕೆಲಸ ಮಾಡುತ್ತೇನೆ. ಬರೆದಿಡುವುದು ಅಭ್ಯಾಸವಾಗಿ ಮನೆಯದನ್ನೂ ಬರೆಯತೊಡಗಿದೆ.

ರಾಣೆಬೆನ್ನೂರಿನ ಹಳೇ ಓಣಿಯಲ್ಲಿ ನಮ್ಮ ಮನೆ. ಅಜ್ಜ ತೀರಿಕೊಂಡ ಮೇಲೆ ಹಿರಿಯರು ಕೂತು ನಡುವೆ ಗೋಡೆ ಎಬ್ಬಿಸಿದರು. ಮೂಡಲ ಕಡೆಯ ಅರ್ಧ ನಮ್ಮಪ್ಪನಿಗೆ, ಪಡುವಲ ಕಡೆಯದು ಅವನ ತಮ್ಮ ಕಾಕಾನಿಗೆ. ಅಪ್ಪ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ತೂಕದ ಕೆಲಸದವನು. ಕಾಕಾ ಸಾಮಾನು ಸಾಗಿಸುವ ಆಟೋ ಓಡಿಸುತ್ತಾನೆ. ಪಾಲುಪತ್ರದಲ್ಲಿ ಹಿತ್ತಾಳೆ ಕೊಡ, ಒರಳು, ಕಬ್ಬಿಣದ ಮಂಚ ಎಲ್ಲ ಬರೆದರು. ಅಜ್ಜಿಯನ್ನೂ ಬರೆದರು: ಒಂದು ತಿಂಗಳು ಅಣ್ಣನ ಮನೆಯಲ್ಲಿ, ಒಂದು ತಿಂಗಳು ತಮ್ಮನ ಮನೆಯಲ್ಲಿ ಊಟ. ಇದಕ್ಕೆ ಪಾಳಿ ಎನ್ನುತ್ತಾರೆ. ಗ್ಯಾಸನ್ನು ಮಾತ್ರ ಯಾರೂ ಬರೆಯಲಿಲ್ಲ. ಕನೆಕ್ಷನ್ ಅಜ್ಜಿಯ ಹೆಸರಿನಲ್ಲಿತ್ತು, ಸಿಲಿಂಡರ್ ಎರಡಿದ್ದವು. ಕೂತವರಲ್ಲಿ ಒಬ್ಬರು ಎದ್ದು ಹೋಗುವಾಗ, "ಎರಡು ಅದಾವಲ್ಲ, ಒಂದೊಂದು ಇಟ್ಕೋರಿ, ಅದರಾಗೇನೈತಿ" ಅಂದರು.

ಅದರೊಳಗೆ ಏನಿತ್ತು ಎಂಬುದು ಮುಂದಿನ ತಿಂಗಳೇ ತಿಳಿಯಿತು. ಸಿಲಿಂಡರ್ ಎರಡಾದರೂ ಕನೆಕ್ಷನ್ ಒಂದೇ. ಒಬ್ಬರು ಬುಕ್ ಮಾಡಿದರೆ ಇಂತಿಷ್ಟು ದಿನ ಕಳೆಯುವವರೆಗೆ ಇನ್ನೊಬ್ಬರಿಗೆ ಬುಕ್ ಆಗುವುದಿಲ್ಲ. ಕನೆಕ್ಷನ್ನಿಗೆ ಜೋಡಿಸಿದ ಮೊಬೈಲ್ ನಂಬರ್ ಕಾಕಾನದು. ಆ ನಂಬರಿನಿಂದ ಮಿಸ್ಡ್ ಕಾಲ್ ಕೊಟ್ಟರೆ ಬುಕ್ ಆಗುತ್ತಿತ್ತು, ಮನೆಗೆ ಸಿಲಿಂಡರ್ ತಂದವನಿಗೆ ಹೇಳಬೇಕಾದ ಕೋಡ್ ಸಹ ಅದಕ್ಕೇ ಬರುತ್ತಿತ್ತು. ನಮ್ಮ ಕಡೆ ಗ್ಯಾಸ್ ಮುಗಿದರೆ ಅವ್ವ ಗೋಡೆಯಾಚೆ ಹೋಗಿ ಬಾಗಿಲಲ್ಲಿ ನಿಂತು ಕೇಳಬೇಕು. ಕಾಕಾ ಊಟ ಮಾಡುತ್ತಿದ್ದರೆ ಕೈತೊಳೆಯುವವರೆಗೂ ನಿಲ್ಲಿಸುತ್ತಿದ್ದ.

ಕರೆಂಟಿನದೂ ಹೀಗೇ. ಮೀಟರ್ ಒಂದೇ, ತೀರಿಕೊಂಡ ಅಜ್ಜನ ಹೆಸರಿನಲ್ಲಿ. ಎರಡು ಸಂಸಾರ ಸೇರಿ ಉರಿಸಿ ಉಚಿತ ಕರೆಂಟಿನ ಮಿತಿ ದಾಟಿ ಬಿಲ್ ಬರುತ್ತಿತ್ತು. ಯಾರ ಮನೆಯ ಫ್ಯಾನು ಹೆಚ್ಚು ತಿರುಗಿತು ಎಂದು ಒಮ್ಮೆ ಅವ್ವ ಮತ್ತು ಕಾಕಾನ ಹೆಂಡತಿ ಚಿಗವ್ವ ಅಂಗಳದಲ್ಲಿ ಕೂದಲು ಹಿಡಿದರು. ಡೈರಿಯಲ್ಲಿ ಅದು ನಾಲ್ಕನೆಯದು. ಚಿಗವ್ವನ ಓಲೆ ಜಗ್ಗಿ ಕಿವಿ ಹರಿದು ರಕ್ತ ಬಂದಿತ್ತು. ಅವ್ವನ ಮೊಣಕೈ ಕಲ್ಲಿಗೆ ಬಡಿದು ಒಂದು ವಾರ ರೊಟ್ಟಿ ತಟ್ಟಲಾಗಲಿಲ್ಲ.

ಇದಕ್ಕೆಲ್ಲ ಒಂದೇ ಜಾಗ ಇದ್ದರೆ ಮುಗಿಯಿತಲ್ಲ ಎಂದು ನನಗೆ ಅನಿಸಿತು. ನನ್ನ ಫೋನಿನಲ್ಲಿ ಹಣ ಕಳಿಸುವ ಆ್ಯಪ್ ಇತ್ತು. ಅದರಲ್ಲಿ ಬಿಲ್ ಕಟ್ಟುವ ಪುಟ ತೆರೆದು ಕರೆಂಟಿನ ಅಕೌಂಟ್ ನಂಬರ್ ಹಾಕಿದೆ. ಅಜ್ಜನ ಹೆಸರು ಮೂಡಿತು, ಕೆಳಗೆ ಆ ತಿಂಗಳ ಮೊತ್ತ. ಅದನ್ನು ಉಳಿಸಿಟ್ಟು "ಮನೆ ಕರೆಂಟ್" ಎಂದು ಹೆಸರು ಕೊಟ್ಟೆ. ಟಿವಿಯ ಡಿಶ್ ಎರಡು ಮನೆಯದೂ ಸೇರಿಸಿದೆ. ನಳದ ಬಿಲ್ ಹುಡುಕಿದೆ, ನಮ್ಮೂರಿನದು ಆ ಪಟ್ಟಿಯಲ್ಲಿರಲಿಲ್ಲ. ಅದಕ್ಕೆ ನಗರಸಭೆಯ ಕೌಂಟರೇ ಗತಿ. ಕೊನೆಗೆ ಗ್ಯಾಸ್. ಕಂಪನಿ ಆರಿಸಿ ಕನೆಕ್ಷನ್ ನಂಬರ್ ಹಾಕಿದಾಗ ಅಜ್ಜಿಯ ಹೆಸರು, ಏಜೆನ್ಸಿಯ ಹೆಸರು, ಸಿಲಿಂಡರಿನ ದರ ಮೂರೂ ಬಂದವು. ನಮ್ಮ ಕಡೆಯದು ಖಾಲಿಯಾಗಿತ್ತು. ಹಣ ಕಟ್ಟಿ ಬುಕ್ ಮಾಡಿದೆ. ಇನ್ನು ಮೇಲೆ ಯಾರ ಬಾಗಿಲಲ್ಲೂ ಅವ್ವ ನಿಲ್ಲಬೇಕಿಲ್ಲ ಎಂದು ಅಂದು ಬರೆದಿದ್ದೇನೆ.

ಎರಡನೇ ದಿನ, ಗುರುವಾರ ಬೆಳಿಗ್ಗೆ, ಸಿಲಿಂಡರ್ ಹೊತ್ತವನು ಬಂದು, "ಕೋಡ್ ಹೇಳ್ರಿ ಅಕ್ಕಾರ" ಅಂದ. ಫೋನ್ ನೋಡಿದೆ. ನನಗೆ ಬಂದಿದ್ದು ಹಣ ಕಟ್ಟಿದ ರಸೀದಿ ಮಾತ್ರ. ಯಾವ ಆ್ಯಪಿನಿಂದ ಬುಕ್ ಮಾಡಿದರೂ ಕೋಡ್ ಹೋಗುವುದು ಕನೆಕ್ಷನ್ನಿಗೆ ಜೋಡಿಸಿದ ನಂಬರಿಗೇ ಎಂಬುದು ಆಗ ಗೊತ್ತಾಯಿತು.

ಕಾಕಾ ಅಂಗಳದಲ್ಲಿ ಆಟೋ ತೊಳೆಯುತ್ತಿದ್ದ. ಫೋನ್ ಅಂಗಿಯ ಜೇಬಿನಲ್ಲಿತ್ತು.

"ಕಾಕಾ, ಒಂದು ಕೋಡ್ ಬಂದಿರಬೇಕು, ಹೇಳ್ರಿ."

"ಬಂದೈತಿ. ನನ್ನ ಮೊಬೈಲಿಗೆ ಬಂದಿದ್ದು ನನ್ನ ಮನಿಗೆ. ಲೇ ತಮ್ಮಾ, ಈ ಕಡೆ ತಂದು ಇಡಲೇ ಅದನ್ನ."

"ರೊಕ್ಕ ನಾವು ಕಟ್ಟೇವಿ."

"ಕಟ್ಟಾಕ ಯಾರು ಹೇಳ್ಯಾರ? ಕೇಳಿ ಕಟ್ಟಿಯೇನು?"

ಅಪ್ಪ ಬಸ್ಸಿಗೆ ಹೊರಟವನು ಬುತ್ತಿ ಚೀಲ ಕೆಳಗಿಟ್ಟು ಬಂದ. ಕಾಕಾನ ಜೇಬಿಗೆ ಕೈಹಾಕಿದ. ಕಾಕಾ ಬಕೆಟ್ಟನ್ನು ಎತ್ತಿ ಅಪ್ಪನ ಮುಖಕ್ಕೆ ಬೀಸಿದ. ಕನ್ನಡಕ ಒಡೆದು ಹುಬ್ಬಿನ ಮೇಲೆ ಕೊಯ್ಯಿತು. ಅಪ್ಪ ಅವನನ್ನು ಆಟೋಕ್ಕೆ ಒತ್ತಿ ಹೊಟ್ಟೆಗೆ ಗುದ್ದಿದ, ಮೂರು ಸಲ. ಬಿಡಿಸಲು ಹೋದ ಸಿಲಿಂಡರಿನವನಿಗೂ ಕೆನ್ನೆಯ ಮೇಲೆ ಒಂದು ಬಿತ್ತು. ಯಾರದೆಂದು ಅವನಿಗೂ ತಿಳಿಯಲಿಲ್ಲ, ನನಗೂ. ಅವನು ಸಿಲಿಂಡರನ್ನು ಮತ್ತೆ ಹೆಗಲಿಗೇರಿಸಿಕೊಂಡ.

"ನೀವು ಮೊದಲ ಬಡದಾಡಿ ಮುಗಸ್ರಿ. ನಾ ನಾಳೆ ಬರ್ತೇನಿ" ಎಂದು ಹೋದ.

ಆ ತಿಂಗಳು ಅಜ್ಜಿಯ ಪಾಳಿ ನಮ್ಮ ಮನೆಯಲ್ಲಿ. ಅವಳು ಹೊಸ್ತಿಲ ಮೇಲೆ ಕೂತು ಎಲ್ಲ ನೋಡಿದಳು. ಅಪ್ಪನ ಹುಬ್ಬಿಗೆ ಅರಿಶಿನ ಒತ್ತುತ್ತ, ಗೋಡೆಯಾಚೆಗೂ ಕೇಳಲೆಂದು ದನಿ ಎತ್ತಿ ಹೇಳಿದಳು:

"ಕೇಳ್ರಿಲೇ ಇಬ್ಬರೂ. ಇನ್ನೊಂದ ಸಲ ನನ್ನ ಕಣ್ಣ ಮುಂದ ನಿಮ್ಮ ರಕ್ತ ಬಿತ್ತಂದ್ರ ನಾ ಐರಣಿಗೆ ಹೋಗ್ತೇನಿ, ಮಗಳ ಮನಿಗೆ. ಹೋದ್ರ ಹೊಳ್ಳಿ ಬರಾಕಿ ಅಲ್ಲ. ನಿಮ್ಮ ಪಾಳಿ ನೀವ ಉಣ್ರಿ."

ಅಜ್ಜಿ ಸುಮ್ಮನೆ ಹೆದರಿಸುವವಳಲ್ಲ. ನನ್ನನ್ನು ಬೆಳೆಸಿದವಳು ಅವಳು. ಅವ್ವ ಹೊರಗೆ ದುಡಿಯಲು ಹೋದಾಗಲೆಲ್ಲ ನಾನು ಅವಳ ಮಗ್ಗುಲಲ್ಲೇ ಮಲಗಿ ದೊಡ್ಡವಳಾದವಳು. ಅವಳು ಹೋಗಬಾರದು. ಅದಕ್ಕೆ ಹೊಡೆದಾಟ ನಿಲ್ಲಬೇಕು. ಹೊಡೆದಾಟ ನಿಲ್ಲಬೇಕಾದರೆ ಕೋಡ್ ನನಗೆ ಬರಬೇಕು. ನಾನು ಹೀಗೆ ಒಂದರ ಕೆಳಗೊಂದು ಬರೆದುಕೊಂಡೆ. ಬರೆದಾಗ ಸರಿಯಾಗಿಯೇ ಕಂಡಿತು.

ಮರುವಾರ ಶನಿವಾರ ಅರ್ಧ ದಿನ ರಜೆ ಹಾಕಿ ಅಜ್ಜಿಯನ್ನು ಏಜೆನ್ಸಿಗೆ ಕರೆದೊಯ್ದೆ. "ಗ್ಯಾಸಿಂದು ಒಂದು ಕೆಲಸ ಐತಿ, ನಿನ್ನ ಸಹಿ ಬೇಕು" ಅಂದಿದ್ದೆ, ಅಷ್ಟೇ. ಗ್ಯಾಸಿನ ಬುಕ್ಕು, ಆಧಾರ್ ಒಯ್ದಿದ್ದೆ. ಕೌಂಟರಿನವನು ಅರ್ಜಿ ಕೊಟ್ಟ, ನಾನು ತುಂಬಿದೆ, ಅಜ್ಜಿ ತನ್ನ ಹೆಸರನ್ನು ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಬರೆದಳು. "ಇನ್ನು ಈ ನಂಬರಿಗೇ ಕೋಡ್ ಬರ್ತೈತಿ, ನೋಡ್ರಿ" ಎಂದು ಅವನು ನನ್ನ ನಂಬರ್ ಓದಿದ. ಅಜ್ಜಿಗೆ ಕಿವಿ ಮಂದ. ಹೊರಗೆ ಬಂದಾಗ, "ಏನಂದಾ ಅಂವಾ?" ಎಂದು ಕೇಳಿದಳು. "ಎಲ್ಲಾ ಸರಿ ಐತಂತ" ಅಂದೆ. ಕಾಕಾನಿಗೆ ಹೇಳಲಿಲ್ಲ. ಅಪ್ಪನಿಗೆ ಮಾತ್ರ ಹೇಳಿದೆ. ಅವನು, "ತಪ್ಪು ಮಾಡಿದಿ. ಆತು, ಬಾಯಿ ಬಿಡಬ್ಯಾಡ" ಅಂದ.

ಆಮೇಲೆ ಎಪ್ಪತ್ತೊಂದು ದಿನ ನಮ್ಮ ಅಂಗಳದಲ್ಲಿ ಯಾರೂ ಯಾರಿಗೂ ಹೊಡೆಯಲಿಲ್ಲ. ನಾನು ಚಿಗವ್ವನಿಗೆ, "ಮುಗದಾಗ ನನಗ ಹೇಳ್ರಿ, ನಾ ಮಾಡಿಸ್ತೇನಿ" ಅಂದಿದ್ದೆ. ಅವಳು ಗೋಡೆಯ ಮೇಲಿಂದ ತಲೆ ಹಾಕಿ ಹೇಳುತ್ತಿದ್ದಳು. ಬುಕ್ ಮಾಡಿ, ಬಂದ ಕೋಡನ್ನು ಚೀಟಿಯಲ್ಲಿ ಬರೆದು ಕೊಟ್ಟು ಆಫೀಸಿಗೆ ಹೋಗುತ್ತಿದ್ದೆ. ಕಾಕಾ ಹಗಲೆಲ್ಲ ಬಾಡಿಗೆ ಹೊಡೆಯುತ್ತ ತಿರುಗುವವನು. ಸಿಲಿಂಡರ್ ಬಂದಿದ್ದು ಕಂಡು, ಹೆಂಡತಿಯೇ ಏಜೆನ್ಸಿಗೆ ಹೋಗಿ ಬರೆಸಿ ತಂದಳೆಂದು ತಿಳಿದಿದ್ದ. ಚಿಗವ್ವನೂ ಅವನನ್ನು ಹಾಗೇ ತಿಳಿಯಲು ಬಿಟ್ಟಿದ್ದಳು. ಕರೆಂಟ್ ಬಿಲ್ಲಿನ ನೆನಪೋಲೆ ಆ್ಯಪಿನಲ್ಲಿ ತಾನಾಗಿಯೇ ಬರುತ್ತಿತ್ತು. ಅದೇ ದಿನ ಕಟ್ಟಿ ಎರಡೂ ಬಾಗಿಲಿಗೆ ಅರ್ಧರ್ಧದ ಚೀಟಿ ಅಂಟಿಸುತ್ತಿದ್ದೆ. ಅಜ್ಜಿ ಒಂದು ತಿಂಗಳ ಪಾಳಿ ಗೋಡೆಯಾಚೆ ಉಂಡು ಬಂದಳು.

ಎಪ್ಪತ್ತೆರಡನೇ ದಿನ ಭಾನುವಾರ. ಕಾಕಾನ ಬಸುರಿ ಮಗಳಿಗೆ ಏಳು ತಿಂಗಳು ತುಂಬಿತ್ತು, ಅವಳ ಕುಬುಸದ ಕಾರ್ಯ. ಕುಪ್ಪೇಲೂರಿನಿಂದ ಅವಳ ಗಂಡನ ಕಡೆಯವರು ಮಧ್ಯಾಹ್ನಕ್ಕೆ ಬರುವವರಿದ್ದರು. ಎರಡು ದಿನದಿಂದ ಕರಿದು, ಕುದಿಸಿ, ಬೆಳಿಗ್ಗೆ ಹೋಳಿಗೆಯ ಬೇಳೆ ಅರ್ಧ ಬೆಂದಿರುವಾಗ ಅವರ ಸಿಲಿಂಡರ್ ಖಾಲಿಯಾಯಿತು. ನಮ್ಮ ಕಡೆಯದನ್ನು ನಾನು ಒಂಬತ್ತು ದಿನಗಳ ಹಿಂದಷ್ಟೇ ಬುಕ್ ಮಾಡಿದ್ದೆ. ಯಾರ ನಂಬರಿನಿಂದ ಪ್ರಯತ್ನಿಸಿದರೂ ಅಂದು ಬುಕ್ ಆಗುತ್ತಿರಲಿಲ್ಲ.

ಚಿಗವ್ವ ನನಗೆ ಹೇಳುವ ಮೊದಲೇ ಕಾಕಾ ಮಿಸ್ಡ್ ಕಾಲ್ ಕೊಟ್ಟಿದ್ದ. ಬುಕ್ ಆದ ಮೆಸೇಜ್ ಬರಲಿಲ್ಲ. ಮತ್ತೆ ಕೊಟ್ಟ. ಪರಿಚಯವಿದ್ದ ಏಜೆನ್ಸಿಯ ಹುಡುಗನಿಗೆ ಫೋನ್ ಹಚ್ಚಿದ. ಅವನು ಹೇಳಿದ್ದು ನನಗೆ ಕೇಳಿಸಲಿಲ್ಲ, ಕಾಕಾ ಕೇಳಿದ್ದು ಮಾತ್ರ ಗೋಡೆ ದಾಟಿ ಬಂತು: "ತಗದಾರ? ಯಾರು ತಗದಾರ?"

ನಮ್ಮ ಅಡಿಗೆಮನೆಗೆ ಅವನು ಹಿತ್ತಿಲ ಬಾಗಿಲಿನಿಂದ ನುಗ್ಗಿದ. ಅವ್ವ ಅವರ ಮನೆಗೇ ಕೊಡಲೆಂದು ಅನ್ನಕ್ಕೆ ಇಟ್ಟಿದ್ದಳು, ಒಲೆ ಉರಿಯುತ್ತಿತ್ತು. ಅಜ್ಜಿ ಮೂಲೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಅಪ್ಪ ಹೊಸ ಧೋತರ ಉಡುತ್ತಿದ್ದ.

"ನನ್ನ ನಂಬರ್ ಯಾರು ತಗದೀರಿ? ಆ ಕನೆಕ್ಷನ್ ಬಂದಾಗ ಏಜೆನ್ಸಿ ಮುಂದ ಎರಡು ದಿನ ಪಾಳೇದಾಗ ನಿಂತಾಂವ ನಾನು! ನಮ್ಮಪ್ಪ ಜಡ್ಡಾಗಿ ಮಲಗಿದ್ದ, ನೀ ಬ್ಯಾಡಗ್ಯಾಗಿದ್ದಿ! ನನ್ನ ನಂಬರ್ ತಗದೀರಿ ಅಂದ್ರ ನನ್ನನ್ನ ಈ ಮನಿಯಿಂದ ತಗದಂಗ!"

ನಾನು ಬಾಗಿಲ ಹತ್ತಿರವೇ ಇದ್ದೆ. ಬಾಯಿ ತೆರೆದೆ. ಅಪ್ಪ ನನಗಿಂತ ಮೊದಲು ಅಂದ:

"ನಾನು ತಗಸೇನಿ. ಏನೀಗ?"

ಕಾಕಾ ಅವನ ಕಡೆ ನೋಡಲೂ ಇಲ್ಲ. ಬಗ್ಗಿ ನಮ್ಮ ಸಿಲಿಂಡರನ್ನು ಎಳೆದ. ರೆಗ್ಯುಲೇಟರ್ ಆರಿಸಲಿಲ್ಲ, ಬಿಚ್ಚಲಿಲ್ಲ. ಎಳೆದ ರಭಸಕ್ಕೆ ಒಲೆಯ ಕಡೆಯಿಂದ ರಬ್ಬರ್ ಪೈಪು ಕಿತ್ತು ಬಂತು. ಒಲೆ ಆರಿತು. ಪೈಪಿನ ತುದಿಯಿಂದ ಗ್ಯಾಸ್ ಬುಸುಗುಡತೊಡಗಿತು. ನಡುಮನೆಯ ದೇವರ ಗೂಡಿನಲ್ಲಿ ದೀಪ ಉರಿಯುತ್ತಿತ್ತು.

ಅಪ್ಪ ಒರಳಿನ ಗುಂಡನ್ನು ಎತ್ತಲು ಹೋಗಿ, ಅದು ಏಳದೆ, ಲಟ್ಟಣಿಗೆ ಹಿಡಿದು ಕಾಕಾನ ತಲೆಗೆ ಬಾರಿಸಿದ. ಮರ ಮುರಿದ ಸಪ್ಪಳಕ್ಕೆ ನಾನು ಬುರುಡೆ ಒಡೆಯಿತೆಂದೇ ತಿಳಿದೆ. ಕಾಕಾ ಸಿಲಿಂಡರ್ ಬಿಡಲಿಲ್ಲ, ಎತ್ತಿ ಸೊಂಟಕ್ಕೆ ಒತ್ತಿಕೊಂಡ. ಒಂದೇ ಕೈಯಲ್ಲಿ ಅಪ್ಪನ ಕುತ್ತಿಗೆ ಹಿಡಿದು ಗೋಡೆಗೆ ಬಡಿದ, ಮತ್ತೊಮ್ಮೆ ಬಡಿದ. ಅಪ್ಪನ ಬಾಯಿಂದ ಹಲ್ಲಿನ ರಕ್ತ ಹೊಸ ಧೋತರದ ಮೇಲೆ ಇಳಿಯಿತು. ಅವ್ವ ಡಬ್ಬಿಯಲ್ಲಿದ್ದ ಖಾರಪುಡಿಯನ್ನು ಹಿಡಿತುಂಬ ತೆಗೆದು ಕಾಕಾನ ಕಣ್ಣಿಗೆ ಎರಚಿದಳು. ಅಪ್ಪ ತಂದ ಬ್ಯಾಡಗಿ ಮೆಣಸಿನಕಾಯಿಯ ಪುಡಿ ಅದು. ಬಣ್ಣ ಹೆಚ್ಚು, ಖಾರ ಕಡಿಮೆ. ಬೇರೆ ಊರಿನದಾಗಿದ್ದರೆ ಕಣ್ಣೇ ಹೋಗುತ್ತಿತ್ತು ಎಂದು ಆಮೇಲೆ ಡಾಕ್ಟರ್ ಅಂದರು.

ಕಾಕಾ ಚೀರಿ ಎರಡೂ ಕೈ ಮುಖಕ್ಕೆ ಒಯ್ದ. ಎತ್ತಿಹಿಡಿದಿದ್ದ ಸಿಲಿಂಡರ್ ಬಿತ್ತು. ಅಜ್ಜಿ ಆಗಲೇ ಎದ್ದು ಮಕ್ಕಳ ನಡುವೆ ಬಂದು ನಿಂತಿದ್ದಳು. ಬಹುತೇಕ ತುಂಬಿದ ಸಿಲಿಂಡರ್ ಅವಳ ಬಲಗಾಲಿನ ಪಾದದ ಮೇಲೆ ಬಿದ್ದು, ಹೊರಳಿ, ನೀರಿನ ಹಂಡೆಗೆ ತಾಕಿ ನಿಂತಿತು. ಅಜ್ಜಿ ಕೂಗಲಿಲ್ಲ. ಮೆಲ್ಲಗೆ ಕೂತಳು, ಅಷ್ಟೇ.

ಬುಸುಗುಡುವುದು ನಿಂತಿರಲಿಲ್ಲ. ಹಿತ್ತಿಲಿನಿಂದ ಓಡಿ ಬಂದವಳು ಚಿಗವ್ವ. ಹೋಳಿಗೆಯ ಹಿಟ್ಟು ಮೆತ್ತಿದ ಕೈಯಲ್ಲೇ ಮೊಣಕಾಲೂರಿ ರೆಗ್ಯುಲೇಟರ್ ತಿರುವಿ ಆರಿಸಿದಳು. ಆಮೇಲೆ ನಡುಮನೆಗೆ ಹೋಗಿ ದೀಪವನ್ನು ಬೆರಳಿನಿಂದ ಒತ್ತಿ ಆರಿಸಿ, ಕಿಟಕಿ ಬಾಗಿಲು ತೆರೆದಳು.

"ಎಲ್ಲಾರೂ ಕೂಡಿ ಸುಟ್ಟು ಹೋಗಾಕ ನಿಂತೀರೇನು? ಬಸರಿ ಹುಡುಗಿ ಆಚೀಕಡೆ ಕುಂತಾಳ!" ಎಂದು ಒದರಿ, ಗಂಡನ ಬೆನ್ನಿಗೊಂದು ಗುದ್ದಿ, ಅವನ ಮುಖವನ್ನು ಎಳೆದು ನಳದ ಕೆಳಗೆ ಹಿಡಿದಳು.

ಕುಬುಸಕ್ಕೆ ಬಂದವರು ಅಂಗಳದಿಂದಲೇ ಹಿಂತಿರುಗಿದರು. ಅಜ್ಜಿಯ ಪಾದ ಊದಿ ಕಪ್ಪಾಗಿತ್ತು. ಊರಿನ ಆಸ್ಪತ್ರೆಯಲ್ಲಿ ಪಟ್ಟಿ ಸುತ್ತಿ ಹಾವೇರಿಗೆ ಒಯ್ಯಲು ಹೇಳಿದರು. ಬೇರೆ ಗಾಡಿ ಸಿಗದೆ ಎಲ್ಲರೂ ಕಾಕಾನ ಆಟೋದಲ್ಲೇ ಹೋದೆವು. ಅವನಿಗೆ ಕಣ್ಣು ಬಿಡಲಾಗದು, ಪಕ್ಕದ ಮನೆಯವರು ಓಡಿಸಿದರು. ಹಿಂದೆ, ಸಾಮಾನು ಹಾಕುವ ಜಾಗದಲ್ಲಿ, ಅಜ್ಜಿಯ ತಲೆ ನನ್ನ ತೊಡೆಯ ಮೇಲೆ. ಅಪ್ಪ ಒಂದು ಅಂಚಿನಲ್ಲಿ, ಕಾಕಾ ಇನ್ನೊಂದು ಅಂಚಿನಲ್ಲಿ.

ಹಾವೇರಿಯ ಆಸ್ಪತ್ರೆಯಲ್ಲಿ ಪಾದದ ಮೂರು ಎಲುಬು ಮುರಿದಿವೆ ಎಂದರು. ಕಾಕಾನ ತಲೆಗೆ ಐದು ಹೊಲಿಗೆ. ಅಪ್ಪನ ಎರಡು ಹಲ್ಲು ಹೋಗಿದ್ದವು. ಪೊಲೀಸರೊಬ್ಬರು ಬಂದು ಅಜ್ಜಿಯನ್ನು ಕೇಳಿದರು, "ಹೆಂಗಾತವ್ವಾ?" ಅಜ್ಜಿ, "ಸಿಲಿಂಡರ್ ಇಬ್ಬರ ಕೈಯಾಗಿತ್ತು. ಇಬ್ಬರೂ ಬಿಟ್ರು" ಅಂದಳು. ಅದನ್ನೇ ಬರೆದುಕೊಂಡು, ಕೇಸು ಬೇಡವೆಂದದ್ದಕ್ಕೆ ಅವಳ ಸಹಿ ಹಾಕಿಸಿಕೊಂಡು ಹೋದರು.

ಹೊರಗೆ ಬೆಂಚಿನ ಮೇಲೆ ಅಪ್ಪ, ಕಾಕಾ ನಡುವೆ ಮೂರು ಜನ ಕೂರುವಷ್ಟು ಜಾಗ ಬಿಟ್ಟು ಕೂತಿದ್ದರು. ನಾನು ಕಾಕಾನ ಮುಂದೆ ನಿಂತೆ.

"ಕಾಕಾ, ನಂಬರ್ ತಗಸಿದಾಕಿ ನಾನು. ಅಪ್ಪ ಅಲ್ಲ. ಅಜ್ಜಿಗೂ ಏನಂತ ಹೇಳಿರಲಿಲ್ಲ."

ಅವನ ಕಣ್ಣು ಇನ್ನೂ ಕೆಂಪಾಗಿದ್ದವು, ರೆಪ್ಪೆ ಊದಿದ್ದವು. ನಾನು ಎಲ್ಲಿದ್ದೇನೆಂದು ಹುಡುಕಿ ನೋಡಿ, ಎದ್ದು, ಹೊಡೆದ. ಎಡಗೆನ್ನೆಗೆ, ಪೂರಾ ಕೈಯಿಂದ. ನಾನು ಗೋಡೆಗೆ ಹೋಗಿ ಬಡಿದೆ. ಕಿವಿಯಲ್ಲಿ ಎರಡು ದಿನ ಗುಂಯ್ ಎನ್ನುತ್ತಿತ್ತು. ಅಪ್ಪ ಏಳಲಿಲ್ಲ. ಕಾಕಾ ಬಗ್ಗಿ ನನ್ನ ಮುಖದ ಹತ್ತಿರ ಬಂದು, "ಒಂದ ಮಾತು ಕೇಳಿದ್ರ ನಾನ ಬಂದು ಬದಲಿ ಮಾಡ್ತಿದ್ನಲ್ಲ ಯವ್ವಾ" ಅಂದ. ಮಾಡುತ್ತಿದ್ದನೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ನಾನು ಕೇಳಿರಲಿಲ್ಲ ಎಂಬುದು ಮಾತ್ರ ಖರೆ.

ಆರನೇ ದಿನ ಅಜ್ಜಿಯನ್ನು ಬಿಟ್ಟರು. ಮನೆಗೆ ಬರುವ ಮೊದಲು ಆಟೋ ಏಜೆನ್ಸಿಯ ಮುಂದೆ ನಿಲ್ಲಬೇಕೆಂದಳು. ಎರಡೂ ಸಿಲಿಂಡರ್, ರೆಗ್ಯುಲೇಟರ್, ಬುಕ್ಕು ತರಿಸಿದಳು. ನಮ್ಮದನ್ನು ಅಪ್ಪ ಹೊತ್ತು ತಂದ, ಅವರದನ್ನು ಕಾಕಾ. ನಮ್ಮದರಲ್ಲಿ ಇನ್ನೂ ಗ್ಯಾಸ್ ಇತ್ತು.

"ಅಮ್ಮಾ, ಉಳಿದ ಗ್ಯಾಸಿಗೆ ದುಡ್ಡು ಬರಂಗಿಲ್ಲ. ಮುಗದ ಮ್ಯಾಲೆ ಕೊಡ್ರಿ" ಎಂದ ಕೌಂಟರಿನವನು.

"ಮುಗಿಯೂತನಾ ಇವರು ಉಳಿತಾರೇನು? ತಗೋಪಾ, ಲಗೂ ಬರಿ."

ಕನೆಕ್ಷನ್ ಒಪ್ಪಿಸುವ ಅರ್ಜಿಗೆ ಆಟೋದಲ್ಲೇ ಕೂತು ಸಹಿ ಮಾಡಿದಳು. ಈ ಸಲ ಪ್ರತಿ ಸಾಲನ್ನೂ ನಾನು ಗಟ್ಟಿಯಾಗಿ, ಅವಳ ಕಿವಿಯ ಹತ್ತಿರ ಓದಿ ಹೇಳಿದೆ. ಠೇವಣಿಯ ಚೀಟಿಯನ್ನು ಮಡಚಿ ಸೆರಗಿಗೆ ಕಟ್ಟಿಕೊಂಡು, "ಈಗ ಐರಣಿಗೆ ನಡೀರಿ" ಅಂದಳು. ಕಾಕಾ ಅಳತೊಡಗಿದ. ಅವಳು ಅವನ ಕಡೆ ನೋಡಲಿಲ್ಲ.

ಎರಡೂ ಮನೆಯವರು ಹಿತ್ತಿಲಲ್ಲಿ ಕಟ್ಟಿಗೆ ಉರಿಸಿದೆವು, ಕಾಕಾನ ಕಡೆ ನಲವತ್ಮೂರು ದಿನ. ಅವ್ವನ ಹೆಸರಿನಲ್ಲಿ ನಮಗೆ, ಚಿಗವ್ವನ ಹೆಸರಿನಲ್ಲಿ ಅವರಿಗೆ ಹೊಸ ಕನೆಕ್ಷನ್‌ಗೆ ಅರ್ಜಿ ಹಾಕಿದೆ. ನಮ್ಮದು ಬೇಗ ಬಂತು. ಅವರದು ರೇಷನ್ ಕಾರ್ಡ್ ಬೇರೆಯಾಗುವವರೆಗೆ ತಡೆಯಿತು. ಚಿಗವ್ವನ ಅರ್ಜಿಯಲ್ಲಿ ಮೊಬೈಲ್ ನಂಬರಿನ ಜಾಗ ಬಂದಾಗ ಕಾಕಾನನ್ನೇ ಕರೆದು ಅವನ ಕೈಯಿಂದಲೇ ಬರೆಸಿದೆ. ಅವನು ತನ್ನದನ್ನು ಬರೆಯದೆ ಹೆಂಡತಿಯ ನಂಬರ್ ಬರೆದ.

ಇಬ್ಬರ ಒಲೆಯೂ ಹೊತ್ತಿದ ವಾರ ಐರಣಿಗೆ ಹೋದೆ. ಅಜ್ಜಿ ಕೋಲು ಹಿಡಿದು ಕಟ್ಟೆಯವರೆಗೆ ನಡೆಯುತ್ತಿದ್ದಳು. ಬಲಗಾಲು ಹೊರಗೆ ತಿರುಗಿತ್ತು.

"ಈಗ ಎಲ್ಲಾ ಬ್ಯಾರೆ ಬ್ಯಾರೆ ಆಗೈತಿ ಅಜ್ಜಿ. ಬಾ, ಹೋಗೂಣು."

"ಬಡದಾಟ?"

"ಇಲ್ಲ."

"ಮಾತು?"

"ಅದೂ ಇಲ್ಲ."

"ಮತ್ತ ನಾ ಯಾರ ಮನಿಗೆ ಬರ್ಲಿ?"

ಅತ್ತೆ ಒಳಗಿನಿಂದ ಇಬ್ಬರಿಗೂ ತಾಟು ತಂದಿಟ್ಟಳು. ಅಜ್ಜಿ ರೊಟ್ಟಿ ಮುರಿದು ನನ್ನ ತಾಟಿಗೆ ಹಾಕಿ, ಇನ್ನೂ ಊತ ಇಳಿಯದ ಪಾದವನ್ನು ಕೈಯಿಂದ ಎತ್ತಿ ಕೋಲಿನ ಪಕ್ಕಕ್ಕೆ ಸರಿಸಿಕೊಂಡಳು. ಸಂಜೆಯ ಬಸ್ಸಿಗೆ ನಾನೊಬ್ಬಳೇ ಹತ್ತಿದೆ.